ಎರಡು ಪತ್ರ, ಒಂದು ರಟ್ಟಿನ ಪೆಟ್ಟಿಗೆ: ಮೈಸೂರಿನ ಘಟಕವೊಂದರ ದರ ಸಂಧಾನ ಸಭೆ

2024ರ ಜೂನ್ 6, ಗುರುವಾರ. ಮೈಸೂರಿನ ನಮ್ಮ ಅಗರಬತ್ತಿ ಘಟಕದ ಕಚೇರಿಯಲ್ಲಿ ಬೆಳಿಗ್ಗೆ ಹನ್ನೊಂದು ಗಂಟೆಗೆ ರಟ್ಟಿನ ಪೆಟ್ಟಿಗೆಯ ಮೂವರು ಸರಬರಾಜುದಾರರು ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ಮೈಸೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶದವರು ಒಬ್ಬರು, ಮಂಡ್ಯ ಜಿಲ್ಲೆಯ ತೂಬಿನಕೆರೆಯವರು ಒಬ್ಬರು, ಬೆಂಗಳೂರಿನ ಪೀಣ್ಯದಿಂದ ಬಂದವರು ಒಬ್ಬರು. ಮೂವರಿಗೂ ಒಂದೇ ಸಮಯ ಕೊಟ್ಟು ಕರೆದಿದ್ದವಳು ಖರೀದಿ ವಿಭಾಗದ ನಾನು. ವ್ಯಾಪಾರದಲ್ಲಿ ಎದುರಾಳಿಗಳಾದವರು ಪರಸ್ಪರ ಮುಖ ನೋಡಿಕೊಳ್ಳುತ್ತಾ ಕಾಫಿ ಕುಡಿದರು. ಮಧ್ಯಾಹ್ನದ ಹೊತ್ತಿಗೆ ಮೂವರೂ ಎದ್ದು ಹೋದರು. ಒಂದು ದರವೂ ತೀರ್ಮಾನವಾಗಲಿಲ್ಲ.

ಮಾತುಕತೆಯಲ್ಲಿ ನಾವು ಸೋತೆವು ಎಂದು ಅಂದು ಅನಿಸಿತ್ತು. ಕಡತ ತೆರೆದು ನಾನೇ ಬರೆದಿದ್ದ ಆಹ್ವಾನ ಪತ್ರವನ್ನು ಮತ್ತೆ ಓದಿದಾಗ ಗೊತ್ತಾಯಿತು, ಸಭೆ ಕೆಟ್ಟದ್ದು ಅದಕ್ಕೂ ಮೊದಲೇ. ಪತ್ರದಲ್ಲಿ ಇದ್ದದ್ದು ಇಷ್ಟು:

"ತಮ್ಮ ದರಪಟ್ಟಿಯ ಸಂಬಂಧ ಚರ್ಚಿಸಲು ದಿನಾಂಕ 06-06-2024ರಂದು ಬೆಳಿಗ್ಗೆ 11 ಗಂಟೆಗೆ ನಮ್ಮ ಕಚೇರಿಗೆ ಹಾಜರಾಗತಕ್ಕದ್ದು. ತಮ್ಮ ಅತ್ಯಂತ ಕಡಿಮೆ ದರದೊಂದಿಗೆ ಬರಲು ಕೋರಿದೆ."

ಏನನ್ನು ಚರ್ಚಿಸುತ್ತೇವೆ, ಯಾವ ಕಾಗದ ತರಬೇಕು, ಯಾರು ಬರಬೇಕು, ತೀರ್ಮಾನ ಯಾವಾಗ, ಇದರಲ್ಲಿ ಒಂದಕ್ಕೂ ಆ ಪತ್ರದಲ್ಲಿ ಉತ್ತರವಿರಲಿಲ್ಲ. ಅದಕ್ಕೆ ತಕ್ಕಂತೆಯೇ ಎಲ್ಲವೂ ನಡೆಯಿತು. ಹೆಬ್ಬಾಳದವರು ಕಳುಹಿಸಿದ್ದು ಮಾರಾಟ ವಿಭಾಗದ ಹುಡುಗನನ್ನು. ಏನು ಕೇಳಿದರೂ ಅವನು "ಮಾಲೀಕರನ್ನು ಕೇಳಿ ಹೇಳುತ್ತೇನೆ ಮೇಡಂ" ಎನ್ನುತ್ತಿದ್ದ. ದರಪಟ್ಟಿಗಳ ದಿನಾಂಕ ಮೇ 20, ಅವುಗಳ ಅವಧಿ ಹದಿನೈದು ದಿನ. ಅಂದರೆ ನಾವು ಚರ್ಚೆಗೆ ಕುಳಿತ ದಿನಕ್ಕೆ ಆ ಅವಧಿ ಮುಗಿದು ಎರಡು ದಿನವಾಗಿತ್ತು. ತೂಬಿನಕೆರೆಯ ಹಿರಿಯರು ಮಾತ್ರ ನೇರವಾಗಿ ಕೇಳಿದರು: "ದರ ಇಳಿಸಿ ಎನ್ನುತ್ತೀರಿ, ಸರಿ. ಯಾವ ಪೆಟ್ಟಿಗೆಯ ದರ ಇಳಿಸಬೇಕು ಮೇಡಂ? ನಿಮ್ಮ ಪತ್ರದಲ್ಲಿ ಕಾಗದ ಯಾವುದೆಂದೇ ಇಲ್ಲವಲ್ಲ."

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಈ ಪ್ರಕರಣ ತಿರುಗಿದ್ದು ಆ ಪ್ರಶ್ನೆಯಿಂದಲೇ. ಹಾಗಾಗಿ ಮೊದಲು ಪೆಟ್ಟಿಗೆಯ ವಿಷಯ ಹೇಳುತ್ತೇನೆ.

ಪೆಟ್ಟಿಗೆಯನ್ನು ತಕ್ಕಡಿಗೆ ಇಟ್ಟಾಗ

ನಮಗೆ ಬೇಕಿದ್ದದ್ದು ಅಗರಬತ್ತಿ ಪೊಟ್ಟಣಗಳನ್ನು ತುಂಬಿ ಲಾರಿಗೆ ಹಾಕುವ ಹೊರಪೆಟ್ಟಿಗೆ. ಉದ್ದ 450, ಅಗಲ 300, ಎತ್ತರ 300 ಮಿಲಿಮೀಟರ್. ತಿಂಗಳಿಗೆ 6,000, ವರ್ಷಕ್ಕೆ 72,000. ದರ ಕೇಳಿ ಮೊದಲು ಕಳುಹಿಸಿದ್ದ ವಿಚಾರಣಾ ಪತ್ರದಲ್ಲಿ ಅಳತೆ ಬರೆದು "ಐದು ಪ್ಲೈ" ಎಂದು ಸೇರಿಸಿ ಕೈತೊಳೆದುಕೊಂಡಿದ್ದೆವು. ಐದು ಪ್ಲೈ ಎಂದರೆ ಮೂರು ಚಪ್ಪಟೆ ಹಾಳೆ, ಅಂದರೆ ಲೈನರ್, ಅವುಗಳ ನಡುವೆ ಎರಡು ಅಲೆಯಂತೆ ಮಡಿಸಿದ ಹಾಳೆ, ಅಂದರೆ ಫ್ಲೂಟ್. ಆ ಹಾಳೆಗಳು ಎಷ್ಟು ದಪ್ಪ ಎಂಬುದನ್ನು ಜಿಎಸ್‌ಎಂನಲ್ಲಿ, ಅಂದರೆ ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕದಲ್ಲಿ ಹೇಳುತ್ತಾರೆ. ನಾವು ಅದನ್ನೇ ಹೇಳಿರಲಿಲ್ಲ.

ಬಂದಿದ್ದ ದರಗಳು ಹೀಗಿದ್ದವು: ಪೀಣ್ಯದವರು 37 ರೂಪಾಯಿ 80 ಪೈಸೆ, ನಮ್ಮ ಗೋದಾಮಿಗೆ ತಲುಪಿಸಿ. ತೂಬಿನಕೆರೆಯವರು 38 ರೂಪಾಯಿ 90 ಪೈಸೆ, ಆದರೆ ಅವರ ಕಾರ್ಖಾನೆ ಬಾಗಿಲಲ್ಲಿ. ಸಾಗಣೆ 1 ರೂಪಾಯಿ 60 ಪೈಸೆ ಬೇರೆ. ಹೆಬ್ಬಾಳದವರು 41 ರೂಪಾಯಿ 50 ಪೈಸೆ, ತಲುಪಿಸಿ. ಎಲ್ಲವೂ ಜಿಎಸ್‌ಟಿ ಬಿಟ್ಟು. ಕಾಗದದ ಮೇಲೆ ಪೀಣ್ಯದವರೇ ಅಗ್ಗ.

ಜೂನ್ 6ರ ಸಂಜೆ ಮೂವರ ಮಾದರಿ ಪೆಟ್ಟಿಗೆಗಳನ್ನೂ ನಮ್ಮ ಪ್ಯಾಕಿಂಗ್ ವಿಭಾಗದ ತಕ್ಕಡಿಯಲ್ಲಿ ಇಟ್ಟೆವು. ಹೆಬ್ಬಾಳ ಮತ್ತು ತೂಬಿನಕೆರೆಯವರ ಪೆಟ್ಟಿಗೆಗಳು ಹೆಚ್ಚುಕಡಿಮೆ 740 ಗ್ರಾಂ. ಪೀಣ್ಯದವರದು 655. ಲೆಕ್ಕ ಹಾಕಿದರೆ ಕಾರಣ ತಾನಾಗಿ ಹೊರಬೀಳುತ್ತದೆ. ಈ ಅಳತೆಯ ಪೆಟ್ಟಿಗೆಯನ್ನು ಬಿಡಿಸಿ ಹಾಸಿದರೆ, ಜೋಡಣೆಯ ಅಂಚು ಸೇರಿ ಸುಮಾರು 1.54 ಮೀಟರ್ ಉದ್ದ, 0.61 ಮೀಟರ್ ಅಗಲದ ಹಾಳೆ, ಅಂದರೆ 0.94 ಚದರ ಮೀಟರ್. ಮೂರು ಲೈನರ್ 150 ಜಿಎಸ್‌ಎಂ ಆದರೆ 450 ಗ್ರಾಂ. ಫ್ಲೂಟ್ ಅಲೆಯಾಗಿ ಮಡಿಸುವುದರಿಂದ ಸುಮಾರು 1.4 ಪಟ್ಟು ಕಾಗದ ಹಿಡಿಯುತ್ತದೆ. 120 ಜಿಎಸ್‌ಎಂನ ಎರಡು ಫ್ಲೂಟ್‌ಗೆ 336 ಗ್ರಾಂ. ಒಟ್ಟು 786 ಗ್ರಾಂ, ಅದನ್ನು 0.94ರಿಂದ ಗುಣಿಸಿದರೆ 740ರ ಆಸುಪಾಸು. ಲೈನರನ್ನೂ 120 ಜಿಎಸ್‌ಎಂಗೆ ಇಳಿಸಿದರೆ ಬರುವುದು 655ರ ಆಸುಪಾಸು.

ಪೀಣ್ಯದವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ನಾವು ಐದು ಪ್ಲೈ ಕೇಳಿದೆವು, ಅವರು ಐದು ಪ್ಲೈ ಕೊಟ್ಟರು. ಆದರೆ ಮಳೆಗಾಲದಲ್ಲಿ ತೇವ ಕುಡಿದ ತೆಳು ಪೆಟ್ಟಿಗೆಗಳನ್ನು ಆರು ಸಾಲು ಮೇಲಿಟ್ಟರೆ ಕೆಳಗಿನದು ಹೊಟ್ಟೆ ಬಿಡುತ್ತದೆ, ಒಳಗೆ ಕಡ್ಡಿ ಮುರಿಯುತ್ತದೆ. ಶ್ರಾವಣದಿಂದ ದಸರೆಯವರೆಗೆ ನಮ್ಮ ಸರಕು ಹೆಚ್ಚು ಹೋಗುವ ಕಾಲವೂ ಅದೇ. ಕೆ.ಜಿ. ಲೆಕ್ಕದಲ್ಲಿ ನೋಡಿದರೆ ಪೀಣ್ಯದವರ ದರ ಸುಮಾರು 57 ರೂಪಾಯಿ 70 ಪೈಸೆ, ಸಾಗಣೆ ಸೇರಿಸಿದ ಮೇಲೂ ತೂಬಿನಕೆರೆಯವರದು 55ರ ಒಳಗೆ. ನಾವು ಅಗ್ಗ ಎಂದುಕೊಂಡಿದ್ದೇ ತುಟ್ಟಿಯಾಗಿತ್ತು.

ಅರವತ್ತು ದಿನದ ಸಾಲ

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ಅದನ್ನು ತೋರಿಸಿಕೊಟ್ಟವರು ನಮ್ಮ ಲೆಕ್ಕಪರಿಶೋಧಕರು. ಹಣ ಪಾವತಿಗೆ ಅರವತ್ತು ದಿನ ಬೇಕೆಂದು ನಾವು ವಿಚಾರಣಾ ಪತ್ರದಲ್ಲಿ ಬರೆದಿದ್ದೆವು, ಎಂದಿನಿಂದಲೂ ಹಾಗೆಯೇ ಬರೆಯುತ್ತಿದ್ದೆವು. ಸರಬರಾಜುದಾರರು ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇರುವ ಅತಿಸಣ್ಣ ಅಥವಾ ಸಣ್ಣ ತಯಾರಕರಾಗಿದ್ದರೆ, 2006ರ ಎಂಎಸ್‌ಎಂಇಡಿ, ಅಂದರೆ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ಮೀರಿದರೆ 16ನೇ ಕಲಮಿನಂತೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಜೊತೆಗೆ ಆದಾಯ ತೆರಿಗೆಯ 43ಬಿ(ಎಚ್) ನಿಯಮ ಆಗಷ್ಟೇ ಜಾರಿಗೆ ಬಂದಿತ್ತು: ಅವಧಿ ಮೀರಿ ಬಾಕಿ ಉಳಿಸಿಕೊಂಡ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ತೋರಿಸಬಹುದು.

ಅಂದರೆ ಸಭೆಯಲ್ಲಿ ನಾವು ಪಟ್ಟು ಹಿಡಿದು ಗಳಿಸಬೇಕೆಂದಿದ್ದ ಷರತ್ತೇ ಕಾನೂನಿನಲ್ಲಿ ನಿಲ್ಲುತ್ತಿರಲಿಲ್ಲ. ಯಾರು ಯಾವ ವರ್ಗದವರು ಎಂಬುದು ನಮಗೆ ಗೊತ್ತಿರಲಿಲ್ಲ, ಏಕೆಂದರೆ ಉದ್ಯಮ್ ಪ್ರಮಾಣಪತ್ರ ತರಲು ನಾವು ಹೇಳಿರಲಿಲ್ಲ. ಆಹ್ವಾನ ಪತ್ರದ "ತರಬೇಕಾದ ದಾಖಲೆ" ಎಂಬ ಭಾಗವನ್ನು ಅನೇಕರು ಶಿಷ್ಟಾಚಾರಕ್ಕೆಂದು ಬರೆಯುತ್ತಾರೆ. ನನ್ನ ಅನುಭವದಲ್ಲಿ ಚರ್ಚೆಯ ಒಂದೊಂದು ಅಂಶಕ್ಕೂ ಒಂದು ದಾಖಲೆ ಎದುರಿಗಿರಬೇಕು. ಯಾವ ಅಂಶಕ್ಕೂ ಬೇಡವಾದ ದಾಖಲೆಯನ್ನು ಕೇಳಲೂಬಾರದು. ಮೂರು ವರ್ಷದ ಆದಾಯ ತೆರಿಗೆ ವಿವರ ಕೇಳುವ ಅಭ್ಯಾಸ ನಮ್ಮಲ್ಲೂ ಇತ್ತು. ಪೆಟ್ಟಿಗೆಯ ದರಕ್ಕೆ ಅದರಿಂದ ಏನೂ ಆಗಬೇಕಿರಲಿಲ್ಲ, ತೆಗೆದುಹಾಕಿದೆ.

ಎರಡನೆಯ ಪತ್ರ

ಜೂನ್ 10ರ ಸೋಮವಾರ ಹೊಸ ಪತ್ರ ಹೊರಟಿತು. ಮೂವರಿಗೂ ಬೇರೆ ಬೇರೆ ಪತ್ರ, ಬೇರೆ ಬೇರೆ ಸಮಯ, ಷರತ್ತುಗಳು ಮಾತ್ರ ಒಂದೇ. ತೂಬಿನಕೆರೆಯವರಿಗೆ ಹೋದದ್ದು ಹೀಗಿತ್ತು.

---

ಮೈಸೂರು, ದಿನಾಂಕ: 10-06-2024

ಇವರಿಗೆ,
ಮಾಲೀಕರು,
ತೂಬಿನಕೆರೆ ಕೈಗಾರಿಕಾ ಪ್ರದೇಶ, ಮಂಡ್ಯ ಜಿಲ್ಲೆ

ಮಾನ್ಯರೇ,

ವಿಷಯ: ಐದು ಪ್ಲೈ ರಟ್ಟಿನ ಪೆಟ್ಟಿಗೆಗಳ ವಾರ್ಷಿಕ ಸರಬರಾಜು – ದರ ಸಂಧಾನ ಸಭೆಗೆ ಆಹ್ವಾನ
ಉಲ್ಲೇಖ: ತಮ್ಮ ದರಪಟ್ಟಿ, ದಿನಾಂಕ 20-05-2024

ದಿನಾಂಕ 06-06-2024ರ ಸಭೆಗೆ ತಾವು ಬಂದದ್ದಕ್ಕೆ ವಂದನೆಗಳು. ಅಂದು ಪೆಟ್ಟಿಗೆಯ ವಿವರಗಳನ್ನು ನಾವು ಪೂರ್ಣವಾಗಿ ಕೊಟ್ಟಿರಲಿಲ್ಲ. ಅವುಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ. ಈ ವಿವರಗಳ ಆಧಾರದ ಮೇಲೆ ಮತ್ತೊಮ್ಮೆ ಚರ್ಚಿಸಲು ದಿನಾಂಕ 18-06-2024, ಮಂಗಳವಾರ ಮಧ್ಯಾಹ್ನ 12ರಿಂದ 1ರವರೆಗೆ ನಮ್ಮ ಕಚೇರಿಗೆ ದಯಮಾಡಿಸಬೇಕೆಂದು ಕೋರುತ್ತೇವೆ. ಈ ಸಮಯ ತಮಗೆ ಮಾತ್ರ ಮೀಸಲು. ಅನಾನುಕೂಲವಾದರೆ 13-06-2024ರೊಳಗೆ ತಿಳಿಸಿ.

ಚರ್ಚೆಯ ವಿಷಯಗಳು:
1. ಲಗತ್ತಿಸಿದ ವಿವರದಂತೆ (ಲೈನರ್ 150 ಜಿಎಸ್‌ಎಂ, ಫ್ಲೂಟ್ 120 ಜಿಎಸ್‌ಎಂ, ಒತ್ತಡಕ್ಕೆ ಒಡೆಯದೆ ತಾಳುವ ಕಾಗದದ ಬಲ 18 ಬಿಎಫ್, ಖಾಲಿ ಪೆಟ್ಟಿಗೆಯ ತೂಕ 740 ಗ್ರಾಂ, ಹೆಚ್ಚುಕಡಿಮೆ ಶೇ. 3) ನಮ್ಮ ಗೋದಾಮಿಗೆ ತಲುಪಿಸಿದ ದರ, ಜಿಎಸ್‌ಟಿ ಪ್ರತ್ಯೇಕ.
2. ಕ್ರಾಫ್ಟ್ ಕಾಗದದ ಬೆಲೆ ಏರಿಳಿದರೆ ದರ ಪರಿಷ್ಕರಣೆಯ ಸೂತ್ರ.
3. ಸರಬರಾಜಿನ ಪ್ರಮಾಣ ಮತ್ತು ದಿನಗಳು. ಒಟ್ಟು ಬೇಡಿಕೆ ತಿಂಗಳಿಗೆ 6,000. ಇದನ್ನು ಇಬ್ಬರು ಸರಬರಾಜುದಾರರಿಗೆ 60:40ರಂತೆ ಹಂಚುವ ಅಧಿಕಾರವನ್ನು ನಾವು ಉಳಿಸಿಕೊಂಡಿದ್ದೇವೆ.
4. ಸರಕು ಒಪ್ಪಿಕೊಂಡ 30 ದಿನಗಳಲ್ಲಿ ಪಾವತಿ.
5. ತೂಕ ಕಡಿಮೆ ಬಂದ ಅಥವಾ ಅಂಟು ಬಿಟ್ಟ ಪೆಟ್ಟಿಗೆಗಳ ವಾಪಸಾತಿ.

ತರಬೇಕಾದವು:
ಅ. ಲಗತ್ತಿಸಿದ ವಿವರದಂತೆ ಮಾಡಿದ ಎರಡು ಮಾದರಿ ಪೆಟ್ಟಿಗೆಗಳು (1 ಮತ್ತು 5ನೇ ವಿಷಯಕ್ಕೆ).
ಆ. ಕಾಗದದ ಬೆಲೆ, ಸಾಗಣೆ ಮತ್ತು ಉಳಿದ ವೆಚ್ಚ ಎಂದು ಮೂರು ಸಾಲಿನ ದರ ವಿವರ (1 ಮತ್ತು 3ನೇ ವಿಷಯಕ್ಕೆ).
ಇ. ಇತ್ತೀಚೆಗೆ ಕಾಗದ ಖರೀದಿಸಿದ ಒಂದು ಬಿಲ್ಲಿನ ಪ್ರತಿ, ಇದ್ದರೆ ಕಾಗದದ ಗಿರಣಿಯ ಪರೀಕ್ಷಾ ವರದಿ (2ನೇ ವಿಷಯಕ್ಕೆ).
ಈ. ಉದ್ಯಮ್ ನೋಂದಣಿ ಪ್ರಮಾಣಪತ್ರ ಮತ್ತು ಜಿಎಸ್‌ಟಿ ನೋಂದಣಿಯ ಪ್ರತಿ (4ನೇ ವಿಷಯಕ್ಕೆ).
ಉ. ಮಾಲೀಕರ ಬದಲು ಬೇರೆಯವರು ಬರುವುದಾದರೆ, ದರ ಒಪ್ಪಿಕೊಳ್ಳಲು ಅವರಿಗೆ ಅಧಿಕಾರವಿದೆ ಎಂಬ ಸಹಿ ಮಾಡಿದ ಪತ್ರ.

ತೀರ್ಮಾನದ ದಿನಗಳು:
ಸಭೆಯ ದಿನವೇ ಒಪ್ಪಿದ ಅಂಶಗಳನ್ನು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಮಾಡುತ್ತೇವೆ. ತಮ್ಮ ಅಂತಿಮ ದರ ಮುಚ್ಚಿದ ಲಕೋಟೆಯಲ್ಲಿ 21-06-2024, ಶುಕ್ರವಾರ ಸಂಜೆ 5ರೊಳಗೆ ತಲುಪಬೇಕು. ಆ ದರ 05-07-2024ರವರೆಗೆ ಊರ್ಜಿತವಾಗಿರಬೇಕು. 21ರ ನಂತರ ಯಾರೊಂದಿಗೂ ದರದ ಮಾತುಕತೆ ನಡೆಸುವುದಿಲ್ಲ. ನಮ್ಮ ತೀರ್ಮಾನವನ್ನು, ಅದು ಏನೇ ಆಗಿರಲಿ, 26-06-2024ರೊಳಗೆ ತಮಗೆ ಲಿಖಿತವಾಗಿ ತಿಳಿಸುತ್ತೇವೆ. ಮೊದಲ ಸರಬರಾಜು 08-07-2024ರಂದು.

ತಮ್ಮ ದರ ಮತ್ತು ವೆಚ್ಚದ ವಿವರಗಳನ್ನು ಇತರ ಸರಬರಾಜುದಾರರಿಗೆ ತಿಳಿಸುವುದಿಲ್ಲ. ಇತರರ ದರವನ್ನು ತಮಗೂ ತಿಳಿಸುವುದಿಲ್ಲ. ಈ ಆಹ್ವಾನವು ಖರೀದಿ ಆದೇಶವಲ್ಲ.

ತಮ್ಮ ವಿಶ್ವಾಸಿ,
ಖರೀದಿ ವಿಭಾಗ

---

ಇದರಲ್ಲಿ ಕೆಲವು ಸಾಲುಗಳನ್ನು ನಾನು ಬಹಳ ಹೊತ್ತು ಯೋಚಿಸಿ ಬರೆದೆ. ಪತ್ರಕ್ಕೂ ಸಭೆಗೂ ನಡುವೆ ಎಂಟು ದಿನ ಬಿಟ್ಟದ್ದು ಮಾದರಿ ಪೆಟ್ಟಿಗೆಗಾಗಿ. ಕಾಗದ ತಂದು, ಕತ್ತರಿಸಿ, ಅಂಟಿಸಿ ಒಣಗಿಸಲು ಸಣ್ಣ ಕಾರ್ಖಾನೆಗೆ ಅಷ್ಟು ಬೇಕು. 17ರಂದು ಬಕ್ರೀದ್ ರಜೆ ಇದ್ದುದರಿಂದ ಸಭೆಯನ್ನು 18ಕ್ಕೆ ಇಟ್ಟೆ. ಮೂರು ಸಾಲಿನ ದರ ವಿವರದಲ್ಲಿ ಲಾಭವನ್ನು ಬೇರೆಯಾಗಿ ಕೇಳಲಿಲ್ಲ. ಲಾಭ ಎಷ್ಟೆಂದು ಕೇಳಿದರೆ ಯಾರೂ ನಿಜ ಬರೆಯುವುದಿಲ್ಲ. ಆ ಒಂದು ಸುಳ್ಳಿಗೆ ಹೊಂದುವಂತೆ ಉಳಿದ ಸಾಲುಗಳನ್ನೂ ತಿದ್ದುತ್ತಾರೆ. ನಮಗೆ ಬೇಕಿದ್ದದ್ದು ಕಾಗದದ ಬೆಲೆ ಮತ್ತು ಸಾಗಣೆ ಎರಡೇ.

ತೀರ್ಮಾನದ ಅವಧಿಯನ್ನು ಚಿಕ್ಕದಾಗಿ ಇಟ್ಟದ್ದಕ್ಕೂ ಕಾರಣವಿದೆ. ಕ್ರಾಫ್ಟ್ ಕಾಗದದ ಬೆಲೆ ನಿಲ್ಲುವುದಿಲ್ಲ, ಪೆಟ್ಟಿಗೆ ಮಾಡುವವರು ಒಂದು ತಿಂಗಳ ಭರವಸೆ ಕೊಡಬೇಕಾದರೆ ಆ ಅಪಾಯಕ್ಕೂ ಒಂದಿಷ್ಟು ಪೈಸೆ ಸೇರಿಸಿಯೇ ದರ ಹೇಳುತ್ತಾರೆ. ಎರಡು ವಾರ ಕೇಳಿದರೆ ಆ ಪೈಸೆ ಉಳಿಯುತ್ತದೆ. "21ರ ನಂತರ ಮಾತುಕತೆ ಇಲ್ಲ" ಎಂಬ ಸಾಲು ಇಲ್ಲದಿದ್ದರೆ ಲಕೋಟೆಯಲ್ಲಿ ಬರುವುದು ಅಂತಿಮ ದರವಲ್ಲ, ಮುಂದಿನ ಫೋನ್ ಕರೆಗೆ ಜಾಗ ಬಿಟ್ಟು ಬರೆದ ದರ.

ಸರ್ಕಾರಿ ಅಥವಾ ಸರ್ಕಾರದ ಅನುದಾನದ ಸಂಸ್ಥೆಯವರು ಈ ಪತ್ರವನ್ನು ಹಾಗೆಯೇ ನಕಲು ಮಾಡಬಾರದು. ಅವರ ಖರೀದಿ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಒಳಪಟ್ಟಿದೆಯೇ ಎಂದು ಮೊದಲು ನೋಡಬೇಕು. ಕೇಂದ್ರದ ಸಂಸ್ಥೆಗಳಿಗಂತೂ ಕೇಂದ್ರ ಜಾಗೃತ ಆಯೋಗದ 2007ರ ಸುತ್ತೋಲೆ ಸ್ಪಷ್ಟವಾಗಿದೆ: ಟೆಂಡರ್ ತೆರೆದ ಮೇಲೆ ಸಂಧಾನ ಕೂಡದು, ಅಪರೂಪದ ಸಂದರ್ಭದಲ್ಲಿ ಮಾಡಿದರೂ ಅತಿ ಕಡಿಮೆ ದರ ಕೊಟ್ಟವರೊಂದಿಗೆ ಮಾತ್ರ. ಮೂವರನ್ನೂ ಕರೆದು ಮಾತನಾಡುವ ಸ್ವಾತಂತ್ರ್ಯ ನಮ್ಮಂಥ ಖಾಸಗಿ ಘಟಕಕ್ಕೆ ಇದ್ದದ್ದು.

ಜೂನ್ 18

ಈ ಸಲ ಮಾಲೀಕರೇ ಬಂದರು. ಹೆಬ್ಬಾಳದಿಂದ ಬಂದವರು ಮಾಲೀಕರ ಮಗ, ಕೈಯಲ್ಲಿ ಅಧಿಕಾರ ಪತ್ರ. ಪ್ರತಿ ಸಭೆಯೂ ತಕ್ಕಡಿಯಿಂದ ಶುರುವಾಯಿತು. ಪೀಣ್ಯದವರ ಹೊಸ ಮಾದರಿ 738 ಗ್ರಾಂ ತೂಗಿತು.

ತೂಬಿನಕೆರೆಯವರೊಂದಿಗಿನ ಮಾತು ಇಂದಿಗೂ ನೆನಪಿದೆ. ತಲುಪಿಸಿದ ದರ 40 ರೂಪಾಯಿ 50 ಪೈಸೆ ಎಂದು ಆರಂಭಿಸಿದರು. ನಾನು ಇಳಿಸಿ ಎನ್ನಲಿಲ್ಲ. ಮೂರು ಸಾಲುಗಳಲ್ಲಿ ಒಂದನ್ನು ತೋರಿಸಿ, "ಸಾಗಣೆಗೆ ಒಂದು ರೂಪಾಯಿ ಅರವತ್ತು ಪೈಸೆ ಏಕೆ ಬೇಕು?" ಎಂದು ಕೇಳಿದೆ. "ನೀವು ಐನೂರು ಬೇಕು ಎಂದು ಬೆಳಿಗ್ಗೆ ಫೋನ್ ಮಾಡುತ್ತೀರಿ, ಅರ್ಧ ಗಾಡಿ ಖಾಲಿ ಬರುತ್ತದೆ ಮೇಡಂ" ಎಂದರು. ತಿಂಗಳಿಗೆ ಎರಡು ಸಲ, ಮೊದಲೇ ಗೊತ್ತುಪಡಿಸಿದ ದಿನ, ಪೂರ್ತಿ ಗಾಡಿ ಎಂದು ಬರೆದುಕೊಂಡೆವು. ಅರವತ್ತು ಪೈಸೆ ಇಳಿಯಿತು. ಪಾವತಿ ಅರವತ್ತರಿಂದ ಮೂವತ್ತು ದಿನಕ್ಕೆ ಬಂದದ್ದಕ್ಕೆ ನಲವತ್ತು ಪೈಸೆ ಬಿಟ್ಟರು. ಬ್ಯಾಂಕಿಗೆ ವರ್ಷಕ್ಕೆ ಶೇ. 12 ಬಡ್ಡಿ ಕಟ್ಟುವವರಿಗೆ ನಲವತ್ತು ರೂಪಾಯಿಯ ಮೇಲೆ ಒಂದು ತಿಂಗಳಿಗೆ ಉಳಿಯುವುದು ಅಷ್ಟೇ. ನಿಜವಾಗಿ ಅವರ ಕೈಯಿಂದ ಹೋದದ್ದು ಲಕೋಟೆಯಲ್ಲಿ ತಾವೇ ಬಿಟ್ಟ ಮೂವತ್ತು ಪೈಸೆ ಮಾತ್ರ. ಅಂತಿಮ ದರ 39 ರೂಪಾಯಿ 20 ಪೈಸೆ.

ಕಾಗದದ ಸೂತ್ರವೂ 18ರಂದೇ ಮುಗಿಯಿತು. ವ್ಯರ್ಥವಾಗುವುದು ಸೇರಿ ಒಂದು ಪೆಟ್ಟಿಗೆಗೆ ಮುಕ್ಕಾಲು ಕೆ.ಜಿ.ಗೂ ಸ್ವಲ್ಪ ಹೆಚ್ಚು ಕಾಗದ ಹಿಡಿಯುತ್ತದೆ. ಹಾಗಾಗಿ ಕಾಗದ ಕೆ.ಜಿ.ಗೆ ಒಂದು ರೂಪಾಯಿ ಏರಿದರೆ ಅಥವಾ ಇಳಿದರೆ ಪೆಟ್ಟಿಗೆಗೆ 75 ಪೈಸೆ. ಎರಡು ರೂಪಾಯಿಗಿಂತ ಕಡಿಮೆ ಏರಿಳಿತಕ್ಕೆ ದರ ಮುಟ್ಟುವುದಿಲ್ಲ. ಪರಿಷ್ಕರಣೆ ಮೂರು ತಿಂಗಳಿಗೊಮ್ಮೆ, ಬಿಲ್ಲು ತೋರಿಸಿ. ಇಳಿದಾಗಲೂ ಅನ್ವಯಿಸುತ್ತದೆ ಎಂಬ ಮಾತನ್ನು ನಡಾವಳಿಯಲ್ಲಿ ಬೇರೆಯಾಗಿ ಬರೆಯಿಸಿದೆ, ಏಕೆಂದರೆ ಏರಿದಾಗ ಪತ್ರ ತಾನಾಗಿ ಬರುತ್ತದೆ, ಇಳಿದಾಗ ನಾವೇ ಕೇಳಬೇಕು.

21ರ ಸಂಜೆ ಲಕೋಟೆಗಳನ್ನು ತೆರೆದಾಗ ಹೆಬ್ಬಾಳದವರದು 39 ರೂಪಾಯಿ 60 ಪೈಸೆ, ಪೀಣ್ಯದವರದು 42 ರೂಪಾಯಿ 10 ಪೈಸೆ. ನಮ್ಮ ಮಾಲೀಕರು ಹಾಳೆ ನೋಡಿ ಕೇಳಿದರು: "ಇಷ್ಟೆಲ್ಲ ಮಾಡಿ 37.80 ಇದ್ದದ್ದು 39.20 ಆಯಿತಲ್ಲ?" ನಾನು ಎರಡು ಪೆಟ್ಟಿಗೆಗಳನ್ನೂ ಅವರ ಮೇಜಿನ ಮೇಲಿಟ್ಟೆ. ಹಳೆಯದರ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು, ಹೊಸದನ್ನೂ ಒತ್ತಿದರು. ಅದೇ 740 ಗ್ರಾಂ ಪೆಟ್ಟಿಗೆಗೆ ಪೀಣ್ಯದವರು ಕೇಳುತ್ತಿರುವುದು 42.10 ಎಂದೆ. ತೂಬಿನಕೆರೆಗೆ ಶೇ. 60, ಹೆಬ್ಬಾಳಕ್ಕೆ ಶೇ. 40 ಎಂದು ಸಹಿ ಹಾಕಿದರು. ಮಳೆಗಾಲದಲ್ಲಿ ಒಬ್ಬರ ಯಂತ್ರ ನಿಂತರೂ ನಮ್ಮ ಪ್ಯಾಕಿಂಗ್ ನಿಲ್ಲಬಾರದೆಂಬುದೇ ಹಂಚಿಕೆಗೆ ಕಾರಣ.

26ರ ಬುಧವಾರ ಮೂವರಿಗೂ ಪತ್ರ ಹೋಯಿತು. ಆಯ್ಕೆಯಾಗದವರಿಗೆ ತಿಳಿಸುವುದನ್ನು ನಾವು ಹಿಂದೆ ಎಂದೂ ಮಾಡಿರಲಿಲ್ಲ. ಮೌನವೇ ಉತ್ತರ ಎಂದುಕೊಂಡಿದ್ದೆವು. ಪೀಣ್ಯದವರು ಅಂದೇ ಫೋನ್ ಮಾಡಿ, ನಮಗಾಗಿ ತೆಗೆದಿಟ್ಟಿದ್ದ ಕಾಗದವನ್ನು ಬೇರೆ ಕೆಲಸಕ್ಕೆ ಹಾಕಿಕೊಳ್ಳುತ್ತೇನೆ ಎಂದು ಹೇಳಿದರು. ನಮ್ಮ ಮೌನ ಹಿಂದೆ ಎಷ್ಟು ಜನರ ಗೋದಾಮಿನಲ್ಲಿ ಕಾಗದ ಕೊಳೆಯಿಸಿತ್ತೋ ಎಂದು ನನಗೆ ಅಂದು ಬಹಳ ನೋವಾಯಿತು.

ಆದರೂ ಪತ್ರದಲ್ಲಿ ಒಂದು ಅಂಶ ಬಿಟ್ಟುಹೋಗಿತ್ತು. ಪೆಟ್ಟಿಗೆಯ ಮೇಲೆ ನಮ್ಮ ಹೆಸರು ಮುದ್ರಿಸುವ ರಬ್ಬರ್ ಅಚ್ಚಿಗೆ ಈ ವ್ಯಾಪಾರದಲ್ಲಿ ಸ್ಟೀರಿಯೊ ಎನ್ನುತ್ತಾರೆ. ಅದರ ಖರ್ಚು ಯಾರದು, ವರ್ಷ ಮುಗಿದ ಮೇಲೆ ಅಚ್ಚು ಯಾರದು ಎಂದು ನಾವು ಕೇಳಿರಲಿಲ್ಲ. ಆಗಸ್ಟ್‌ನಲ್ಲಿ ಹೆಬ್ಬಾಳದವರಿಂದ ಅದಕ್ಕೆ ಬೇರೆ ಬಿಲ್ಲು ಬಂದಾಗ ಅವರನ್ನು ದೂರುವಂತಿರಲಿಲ್ಲ. ಅವರು ಸಹಿ ಮಾಡಿದ್ದ ನಡಾವಳಿಯಲ್ಲಿ ಆ ಮಾತೇ ಇರಲಿಲ್ಲ. ಅರ್ಧ ನಾವು ಕೊಟ್ಟೆವು, ಅರ್ಧ ಅವರು ಬಿಟ್ಟರು. ಈಗ ನಮ್ಮ ಮಾದರಿ ಪತ್ರದಲ್ಲಿ ಚರ್ಚೆಯ ಆರನೇ ವಿಷಯವಾಗಿ ಹೀಗಿದೆ: "ಮುದ್ರಣದ ಸ್ಟೀರಿಯೊ – ವೆಚ್ಚ ಯಾರದು, ಮಾಲೀಕತ್ವ ಯಾರದು." ಅದರ ಎದುರಿನ ದಾಖಲೆ, ಅಚ್ಚು ತಯಾರಕರ ದರಪಟ್ಟಿ.